ಒಪ್ಪಂದದಲ್ಲಿಲ್ಲದ ಕೆಲಸ: ಸಂಬಂಧ ಕೆಡಿಸದೆ ಇಲ್ಲ ಎನ್ನುವುದು

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದಕ್ಕೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುತ್ತಿದ್ದೇನೆ. ಹಮಾಲರ ಕೂಲಿ ಲೆಕ್ಕವನ್ನೂ ಅದರಲ್ಲೇ ಸೇರಿಸಿ ಎನ್ನುತ್ತಿದ್ದಾರೆ, ಹಣದ ಮಾತಿಲ್ಲ. ಇಲ್ಲ ಎನ್ನುವುದು ಹೇಗೆ?

ಉತ್ತರ: ಫೋನಿನಲ್ಲೇ ಉತ್ತರ ಕೊಡಬೇಡಿ. ಮೊದಲು ಗುಮಾಸ್ತರನ್ನು ಕೇಳಿ, ತೊಂದರೆ ಎಲ್ಲಿದೆ ಎಂದು. ಬಹುಶಃ ವಾರದ ಬಟವಾಡೆಯ ದಿನ ಚೀಲಗಳ ಎಣಿಕೆ ಹೊಂದುತ್ತಿರುವುದಿಲ್ಲ, ಅಷ್ಟೇ.

ಮಾಲೀಕರಿಗೆ ಇದು ಇನ್ನೊಂದು ಕಾಲಂ ಎನಿಸುತ್ತದೆ. ಆದರೆ ಲೋಡಿಂಗಿಗೆ ಒಂದು ದರ, ಅಟ್ಟಿ ಹಾಕಲು ಇನ್ನೊಂದು. ಮುಂಗಡ ಕಡಿತ ಬೇರೆ. ಅದನ್ನು ಬಿಡಿಸಿ ಹೇಳಿದರೆ ನಿಮ್ಮ ನಿರಾಕರಣೆ ಜಿಪುಣತನವಾಗಿ ಕಾಣುವುದಿಲ್ಲ. ನಂತರ ಹೀಗೆ ಬರೆಯಿರಿ:

"ಸಾಹುಕಾರರೇ, ಕೂಲಿ ಲೆಕ್ಕ ನಮ್ಮ ಒಪ್ಪಂದದಲ್ಲಿಲ್ಲ; ಈಗ ಸೇರಿಸಿದರೆ ಬಿಲ್ಲಿಂಗ್ ಸುಗ್ಗಿಗೆ ಸಿದ್ಧವಾಗುವುದಿಲ್ಲ. ದಿನವಾರು ಚೀಲಗಳ ಪಟ್ಟಿಯನ್ನು ಬಿಲ್ಲುಗಳಿಂದ ಎಕ್ಸೆಲ್‌ಗೆ ತೆಗೆದುಕೊಡುತ್ತೇನೆ, ಅದಕ್ಕೆ ಹಣ ಬೇಡ. ಪೂರ್ಣ ಲೆಕ್ಕ ಬೇಕಿದ್ದರೆ ಬಿಲ್ಲಿಂಗ್ ಮುಗಿದ ಮೇಲೆ ಪ್ರತ್ಯೇಕ ದರಪಟ್ಟಿ ಕೊಡುತ್ತೇನೆ. ಈಗಲೇ ಬೇಕೆಂದರೆ, ಇನ್ನೂ ಶುರುವಾಗದ ದಾಸ್ತಾನು ವರದಿಯನ್ನು ಮುಂದಕ್ಕೆ ಹಾಕೋಣ."

ಮೂರನೆಯ ಮಾತನ್ನು, ಕೂಲಿ ಲೆಕ್ಕ ಮತ್ತು ದಾಸ್ತಾನು ವರದಿ ಎರಡರ ಶ್ರಮ ಹೆಚ್ಚುಕಡಿಮೆ ಸಮವಾಗಿದ್ದರೆ ಮಾತ್ರ ಹೇಳಿ.

ಉಚಿತವಾಗಿ ಕೊಟ್ಟ ಪಟ್ಟಿಯನ್ನೂ ನೀವು ಅವರಿಗೆ ಕೊಡುವ ಬಿಲ್ಲಿನಲ್ಲಿ ಅದರ ದರ ನಮೂದಿಸಿ, ಪೂರ್ತಿ ರಿಯಾಯಿತಿ ಎಂದು ತೋರಿಸಿ. ಇಲ್ಲದಿದ್ದರೆ ಮುಂದಿನ ಬೇಡಿಕೆಯೂ ಉಚಿತವೆಂದೇ ಬರುತ್ತದೆ.