ಖಾಲಿ ಸಾಲು ದಂಡವಲ್ಲ

*ಸಂಪಾದಕರೇ, ನಾನು ಆನ್‌ಲೈನ್‌ನಲ್ಲಿ ಮೊಬೈಲ್ ಫೋಟೋಗ್ರಫಿ ಕಲಿಸುತ್ತೇನೆ. ಆಫರ್ ಇದ್ದಾಗ ಇನ್‌ಸ್ಟಾಗ್ರಾಂನಲ್ಲಿ ಉದ್ದದ ಕ್ಯಾಪ್ಷನ್ ಬರೆಯುತ್ತೇನೆ. ಸಾಲು ಮುರಿದು, ನಡುವೆ ಜಾಗ ಬಿಟ್ಟು, ಚುಕ್ಕೆ ಇಟ್ಟು ಬರೆಯಿರಿ ಎಂದು ಜೊತೆಗಾರರು ಹೇಳುತ್ತಾರೆ. ನನಗೆ ಅದು ಸಾಮಾನಿನ ಪಟ್ಟಿಯ ಹಾಗೆ ಕಾಣುತ್ತದೆ. ಬೇಕಾದವರು ಹೇಗಿದ್ದರೂ ಓದುತ್ತಾರೆ ಅಲ್ವಾ? ಹೋದ ಸಲದ ಕ್ಯಾಪ್ಷನ್ ಜೊತೆಗಿಟ್ಟಿದ್ದೇನೆ. ನೀವೇ ಹೇಳಿ.*
*— ಒಬ್ಬ ಓದುಗ*

ನಿಮ್ಮ ಕ್ಯಾಪ್ಷನ್ನನ್ನು ಪೂರ್ತಿ ಓದಿದೆ. ಭಾಷೆ ಚೆನ್ನಾಗಿದೆ. ಬೆಳಕಿನ ಬಗ್ಗೆ ಬರೆದ ಮೊದಲ ಎರಡು ವಾಕ್ಯ ಯಾವ ಪತ್ರಿಕೆಯಲ್ಲೂ ಅಚ್ಚಾಗಬಹುದು. ಆದರೆ ನಾನು ಓದಿದ್ದು ಸಂಪಾದಕನಾಗಿ, ಮೇಜಿನ ಮುಂದೆ ಕೂತು, ಓದಲೇಬೇಕು ಎಂದುಕೊಂಡು. ನಿಮ್ಮ ಓದುಗರು ಹಾಗೆ ಓದುವುದಿಲ್ಲ. ಅವರ ಹೆಬ್ಬೆರಳು ಪರದೆಯನ್ನು ಮೇಲೆ ತಳ್ಳುತ್ತಲೇ ಇರುತ್ತದೆ.

ನಿಮ್ಮ ಮಾತಿನಲ್ಲೂ ಸತ್ಯವಿದೆ. ಕಾರಣ ಹೇಳುವ ಬರಹವನ್ನು ತುಂಡು ಮಾಡಬಾರದು. 'ಇದರಿಂದ ಹೀಗಾಯಿತು, ಆದ್ದರಿಂದ ಹೀಗೆ ಮಾಡಿದೆವು' ಎಂಬ ಮಾತಿಗೆ ಚುಕ್ಕೆ ಇಟ್ಟರೆ ನಡುವಿನ 'ಆದ್ದರಿಂದ' ಉದುರಿಹೋಗುತ್ತದೆ. ಅಂಥ ಮಾತು ವಾಕ್ಯವಾಗಿಯೇ ಇರಲಿ. ಅಷ್ಟು ಒಪ್ಪುತ್ತೇನೆ.

'ಬೇಕಾದವರು ಹೇಗಿದ್ದರೂ ಓದುತ್ತಾರೆ' ಎಂಬುದನ್ನು ಮಾತ್ರ ಒಪ್ಪಲಾರೆ. ತನಗೆ ಬೇಕೋ ಬೇಡವೋ ಎಂದು ಗೊತ್ತಾಗುವುದಕ್ಕೇ ಓದುಗ ಮೊದಲು ಕಣ್ಣಾಡಿಸುತ್ತಾನೆ. ಪರದೆಯ ಮೇಲೆ ಜನ ಹೇಗೆ ಓದುತ್ತಾರೆ ಎಂದು ವೆಬ್ ಪುಟಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಅವರು 1997ರಲ್ಲೇ ಪರೀಕ್ಷೆ ಮಾಡಿ ಬರೆದರು. ಅವರ ಪರೀಕ್ಷೆಯಲ್ಲಿ ಹೊಸ ಪುಟ ಸಿಕ್ಕಾಗ 79% ಮಂದಿ ಬರೀ ಕಣ್ಣಾಡಿಸಿದರು. ಪದ ಪದವಾಗಿ ಓದಿದವರು 16% ಮಾತ್ರ. ಅದೇ ವರ್ಷ ಅವರು ಸಂಶೋಧಕ ಜಾನ್ ಮೋರ್ಕ್ಸ್ ಜೊತೆ ಇನ್ನೊಂದು ಪರೀಕ್ಷೆ ಮಾಡಿದರು. ಒಂದೇ ವಿಷಯವನ್ನು ಬೇರೆ ಬೇರೆ ರೀತಿ ಬರೆದು ಓದಿಸಿದರು. ಪಟ್ಟಿ, ಉಪಶೀರ್ಷಿಕೆಗಳಿಂದ ಕಣ್ಣಾಡಿಸಲು ಸುಲಭ ಮಾಡಿದ ಬರಹ ಮೂಲ ಬರಹಕ್ಕಿಂತ 47% ಹೆಚ್ಚು ಉಪಯೋಗಕ್ಕೆ ಬಂತು ಎಂದು ಲೆಕ್ಕ ಹಾಕಿದರು. ಈಗಿನಂಥ ಸ್ಮಾರ್ಟ್‌ಫೋನ್ ಆಗಿನ್ನೂ ಬಂದಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತವರೇ ಹೀಗಿದ್ದರು.

ಜಾಗ ಬಿಟ್ಟು ಬರೆಯುವುದು ಈಚಿನ ಚಾಳಿ ಎಂದು ನಿಮಗೆ ಅನಿಸಿರಬಹುದು. ಹಾಗಲ್ಲ. ಒಂದು ಕಾಲದಲ್ಲಿ ಲ್ಯಾಟಿನ್ ಭಾಷೆಯನ್ನು ಪದಗಳ ನಡುವೆ ಜಾಗವನ್ನೇ ಬಿಡದೆ ಬರೆಯುತ್ತಿದ್ದರು. ಓದುವವರು ಬಾಯಿಬಿಟ್ಟು ಓದಿಕೊಂಡು ಪದ ಬಿಡಿಸಿಕೊಳ್ಳುತ್ತಿದ್ದರು. ಸುಮಾರು 7ನೇ ಶತಮಾನದಲ್ಲಿ ಐರ್ಲೆಂಡಿನ ಲಿಪಿಕಾರರು ಪದಗಳ ನಡುವೆ ಜಾಗ ಬಿಡಲು ಶುರು ಮಾಡಿದರು. ಲ್ಯಾಟಿನ್ ಅವರ ಮನೆಮಾತಲ್ಲ, ಕಲಿತ ಭಾಷೆ. ಪದ ಎಲ್ಲಿ ಮುಗಿಯಿತು ಎಂದು ಅವರಿಗೆ ಕಣ್ಣಿಗೆ ಕಾಣಬೇಕಿತ್ತು. ನಿಮ್ಮ ಆಫರಿಗೆ ಹೊಸದಾಗಿ ಬರುವವರದೂ ಅದೇ ಸ್ಥಿತಿ. ಯಾವ ಮಾತು ಎಲ್ಲಿ ಮುಗಿಯಿತು ಎಂದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಈಗ ನಿಮ್ಮ ಕ್ಯಾಪ್ಷನ್‌ಗೇ ಬರೋಣ. ಒಟ್ಟು 14 ವಾಕ್ಯ, ಒಂದೇ ಪ್ಯಾರಾ. ರಿಯಾಯಿತಿ ಎಷ್ಟು ಎಂಬುದು 5ನೇ ವಾಕ್ಯದಲ್ಲಿದೆ. ಕೊನೆಯ ದಿನ 9ನೇ ವಾಕ್ಯದಲ್ಲಿದೆ. ಮೊದಲ ಬಾರಿ ಸೇರುವವರಿಗೆ ಮಾತ್ರ ಎಂಬ ಷರತ್ತು 12ನೇ ವಾಕ್ಯದಲ್ಲಿದೆ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ 2,200 ಅಕ್ಷರದವರೆಗೆ ಹೋಗಬಹುದು ನಿಜ. ಆದರೆ ಫೀಡಿನಲ್ಲಿ ಮೊದಲು ಕಾಣುವುದು ಸುಮಾರು 125 ಅಕ್ಷರ ಮಾತ್ರ, ಉಳಿದದ್ದು 'ಇನ್ನಷ್ಟು' ಒತ್ತಿದರೆ. ಹಾಗಾಗಿ ಹೆಚ್ಚಿನವರು ನೋಡಿದ್ದು ಬೆಳಕಿನ ಬಗೆಗಿನ ಆ ಎರಡು ಚೆಂದದ ವಾಕ್ಯವನ್ನೇ. ಅಲ್ಲಿ ಆಫರ್ ಇದೆ ಎಂಬ ಸುಳಿವೇ ಅವರಿಗೆ ಸಿಗಲಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ತೊಡಕಿದೆ. 'ಮಾತ್ರ' ಎಂಬುದು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಫೋನು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಅದು ಐದು: ಮ, 'ಆ'ಕಾರದ ಗುರುತು, ತ, ಒತ್ತಿನ ಗುರುತು, ರ. ನಾವು ಅಂದುಕೊಂಡದ್ದಕ್ಕಿಂತ ಬೇಗ ಜಾಗ ಖಾಲಿಯಾಗುತ್ತದೆ. ಮೊದಲ ಸಾಲಿನಲ್ಲಿ ಪೀಠಿಕೆಗೆ ಜಾಗವೇ ಇಲ್ಲ.

ನಿಮ್ಮ ಕ್ಯಾಪ್ಷನ್ನನ್ನೇ ನಾನು ಹೀಗೆ ಜೋಡಿಸಿದ್ದೇನೆ:

```
ಮೊಬೈಲ್ ಫೋಟೋಗ್ರಫಿ ತರಗತಿಗೆ 30% ರಿಯಾಯಿತಿ, ಜೂನ್ 15ರವರೆಗೆ.
ಮೊದಲ ಬಾರಿ ಸೇರುವವರಿಗೆ ಮಾತ್ರ.

ಕತ್ತಲಲ್ಲಿ ತೆಗೆದ ಫೋಟೋ ಯಾಕೆ ಮಸುಕಾಗುತ್ತದೆ?
ಬಹಳ ಮಂದಿ ಇದನ್ನೇ ಕೇಳಿದ್ದರಿಂದ ಈ ಸಲ ಅಲ್ಲಿಂದಲೇ ಶುರು.

ಏನೇನು ಸಿಗುತ್ತದೆ
• 6 ವಾರ, ವಾರಕ್ಕೆ 2 ತರಗತಿ
• ಎಲ್ಲ ತರಗತಿಯ ವಿಡಿಯೋ
• ನಿಮ್ಮ 5 ಫೋಟೋಗೆ ಸಲಹೆ

ಸೇರುವುದು ಹೇಗೆ
1. ಪ್ರೊಫೈಲಿನ ಲಿಂಕ್ ಒತ್ತಿ
2. ಬ್ಯಾಚ್ ಆರಿಸಿ
3. BELAKU30 ಕೋಡ್ ಹಾಕಿ

ಬ್ಯಾಚ್ ಬದಲಿಸಬಹುದು. ಹಣ ಮರಳಿಸುವುದಿಲ್ಲ.
```

ಇಲ್ಲಿ ಕೆಲಸ ಮಾಡುತ್ತಿರುವುದು ಚುಕ್ಕೆಗಿಂತ ಜಾಸ್ತಿ ಖಾಲಿ ಸಾಲು. ಹತ್ತಿರ ಇರುವುದನ್ನು ಕಣ್ಣು ಒಂದೇ ಗುಂಪು ಎಂದು ಎಣಿಸುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1923ರಲ್ಲಿ ಚುಕ್ಕೆಗಳನ್ನೇ ಇಟ್ಟು ಇದನ್ನು ತೋರಿಸಿಕೊಟ್ಟರು. ಪತ್ರಿಕೆಯ ಪುಟದಲ್ಲಿ ನಮಗೆ ದಪ್ಪಕ್ಷರ, ಗೆರೆ, ಬಣ್ಣ, ಅಂಚು ಎಲ್ಲ ಇವೆ. ಕ್ಯಾಪ್ಷನ್ನಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ನಿಮ್ಮ ಕೈಲಿರುವುದು ಎರಡೇ ಅಂತರ: ಸಾಲು ಮುರಿಯುವುದು, ಒಂದು ಖಾಲಿ ಸಾಲು ಬಿಡುವುದು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಕೆಲಸ ಕೊಡಬೇಕು. ಒಂದೇ ಗುಂಪಿನ ಒಳಗೆ ಬರೀ ಸಾಲು ಮುರಿಯಿರಿ. ಗುಂಪು ಬದಲಾದಾಗ ಮಾತ್ರ ಖಾಲಿ ಸಾಲು ಬಿಡಿ. ಪ್ರತಿ ವಾಕ್ಯಕ್ಕೂ ಖಾಲಿ ಸಾಲು ಬಿಡುವವರನ್ನು ನೋಡಿದ್ದೇನೆ. ಆಗ ಎಲ್ಲ ಅಂತರವೂ ಒಂದೇ ಆಗಿ, ಗುಂಪೇ ಉಳಿಯುವುದಿಲ್ಲ. ನಿಮ್ಮ ಒಂದೇ ಪ್ಯಾರಾದಷ್ಟೇ ಅದೂ ಕಷ್ಟ, ಮೇಲಾಗಿ ಉದ್ದ.

ಚುಕ್ಕೆ ಇಟ್ಟ ಸಾಲುಗಳು ಯಾಕೆ ಅಷ್ಟು ಚಿಕ್ಕವು ಎಂದು ಕೇಳುತ್ತೀರಿ. ಕ್ಯಾಪ್ಷನ್ನಿನಲ್ಲಿ ಚುಕ್ಕೆ ಬರೀ ಒಂದು ಅಕ್ಷರ, ನಿಜವಾದ ಪಟ್ಟಿ ಅಲ್ಲ. ಪುಸ್ತಕದಲ್ಲಿ ಚುಕ್ಕೆಯ ಸಾಲು ಉದ್ದವಾದರೆ ಎರಡನೇ ಸಾಲು ಸ್ವಲ್ಪ ಒಳಗೆ ಸರಿದು ನಿಲ್ಲುತ್ತದೆ. ಚುಕ್ಕೆ ಒಂಟಿಯಾಗಿ ಎಡಗಡೆ ಎದ್ದು ಕಾಣುತ್ತದೆ. ಇಲ್ಲಿ ಎರಡನೇ ಸಾಲು ಚುಕ್ಕೆಯ ನೇರ ಕೆಳಗೇ ಬಂದು ಕೂರುತ್ತದೆ. ಅಂಥ ಮೂರು ನಾಲ್ಕು ಸಾಲು ಸೇರಿದರೆ ಚುಕ್ಕೆಗಳು ಅಕ್ಷರಗಳ ನಡುವೆ ಮುಳುಗಿ, ಮತ್ತೆ ಪ್ಯಾರಾ ಓದಿದ ಹಾಗೇ ಆಗುತ್ತದೆ. ಹಾಗಾಗಿ ಒಂದು ಚುಕ್ಕೆಗೆ ಪರದೆಯ ಒಂದೇ ಸಾಲು. ಹಿಡಿಸದಿದ್ದರೆ ಆ ಮಾತು ಚುಕ್ಕೆಗೆ ತಕ್ಕದ್ದಲ್ಲ, ಅದನ್ನು ವಾಕ್ಯವಾಗಿ ಬರೆಯಿರಿ. ಮುಖ್ಯವಾದ ಪದ ಸಾಲಿನ ಶುರುವಿನಲ್ಲಿರಲಿ. ಕಣ್ಣು ಎಡಗಡೆಯಲ್ಲೇ ಕೆಳಕ್ಕಿಳಿಯುತ್ತದೆ. ಐದು ಸಾಲೂ 'ನಿಮಗೆ ಸಿಗುತ್ತದೆ' ಎಂದೇ ಶುರುವಾದರೆ ಅದು ಐದು ಸಲ ಒಂದನ್ನೇ ಓದಿ ಸೋಲುತ್ತದೆ. ಅಂಕಿ ಹಾಕಿದ್ದು ಸೇರುವ ಹಂತಗಳಿಗೆ ಮಾತ್ರ, ಯಾಕೆಂದರೆ ಅಲ್ಲಿ ಮೊದಲು, ಆಮೇಲೆ ಎಂಬ ಕ್ರಮವಿದೆ. ಕ್ಯಾಪ್ಷನ್ನಿನೊಳಗೆ ಲಿಂಕ್ ಹಾಕಿದರೂ ಸಾಮಾನ್ಯವಾಗಿ ಒತ್ತಲು ಬರುವುದಿಲ್ಲ. ಅದಕ್ಕೇ ಪ್ರೊಫೈಲಿಗೆ ಕಳಿಸಿದ್ದೇನೆ.

ಚುಕ್ಕೆಯ ಜಾಗದಲ್ಲಿ ಬಣ್ಣಬಣ್ಣದ ಎಮೋಜಿ ಇಡಬೇಡಿ. ಕಣ್ಣು ಕಾಣದವರು ಫೋನಿನಿಂದ ಓದಿಸಿಕೊಂಡು ಕೇಳುತ್ತಾರೆ. ಆಗ ಪ್ರತಿ ಎಮೋಜಿಯ ಹೆಸರನ್ನೂ ಅದು ಗಟ್ಟಿಯಾಗಿ ಹೇಳುತ್ತದೆ. ಹತ್ತು ಸಾಲಿಗೆ ಹತ್ತು ರಾಕೆಟ್ ಇಟ್ಟರೆ 'ರಾಕೆಟ್' ಎಂದು ಹತ್ತು ಸಲ ಕೇಳಬೇಕು, ಆಮೇಲೆ ವಿಷಯ. ಹಿಂದೆ ಇನ್‌ಸ್ಟಾಗ್ರಾಂ ಖಾಲಿ ಸಾಲುಗಳನ್ನು ನುಂಗಿಬಿಡುತ್ತಿತ್ತು. ಆಗ ಜನ ಖಾಲಿ ಸಾಲಿನಲ್ಲಿ ಒಂದೊಂದು ಬಿಂದು ಇಡುತ್ತಿದ್ದರು. ಇಲ್ಲವೇ ಕಣ್ಣಿಗೆ ಕಾಣದ ಬ್ರೈಲ್ ಖಾಲಿ ಅಕ್ಷರವನ್ನು ಎಲ್ಲಿಂದಲೋ ತಂದು ಅಂಟಿಸುತ್ತಿದ್ದರು. ಈಗ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ, ಎಂಟರ್ ಎರಡು ಸಲ ಒತ್ತಿದರೆ ಸಾಕು. ಬೇರೆ ಕಡೆ ಬರೆದು ಅಂಟಿಸಿದ್ದರೆ ಮಾತ್ರ ಪೋಸ್ಟ್ ಆದ ಕೂಡಲೇ ಫೋನಿನಲ್ಲೇ ತೆರೆದು ನೋಡಿ. ಅಂತರ ಹೋಗಿದ್ದರೆ ಸಾಲಿನ ಕೊನೆಯಲ್ಲಿ ಉಳಿದ ಸ್ಪೇಸ್ ಅಳಿಸಿ ಮತ್ತೆ ಸೇವ್ ಮಾಡಿ. ಅದೇ ಆಫರನ್ನು ವಾಟ್ಸಾಪಿಗೂ ಕಳಿಸುವುದಾದರೆ ಅಲ್ಲಿ ಸಾಲಿನ ಶುರುವಿನಲ್ಲಿ ಹೈಫನ್, ಆಮೇಲೆ ಒಂದು ಸ್ಪೇಸ್ ಹಾಕಿ. 2024ರಿಂದ ಅದು ತಾನೇ ನಿಜವಾದ ಪಟ್ಟಿಯಾಗುತ್ತದೆ, ಉದ್ದದ ಸಾಲಿನ ತೊಂದರೆಯೂ ಇರುವುದಿಲ್ಲ.

ಜೋಡಣೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಕಮೆಂಟುಗಳಿಂದ. ನನ್ನ ಪರಿಚಯದವರೊಬ್ಬರು ಆಫರ್ ಹಾಕಿದಾಗ ಕೆಳಗೆ ಬಂದದ್ದೆಲ್ಲ 'ಕೊನೆಯ ದಿನ ಯಾವುದು?' ಎಂಬ ಪ್ರಶ್ನೆಯೇ. ಬರೆದಿದ್ದೇನೆ, ಜನ ಓದುವುದಿಲ್ಲ ಎಂದು ಅವರಿಗೆ ಸಿಟ್ಟು. ಬರೆದಿದ್ದರು, ನಿಜ. ಆದರೆ ದಿನಾಂಕ ಪ್ಯಾರಾದ ನಡುವೆ, ಎರಡು ವಿಶೇಷಣಗಳ ಮಧ್ಯೆ ಇತ್ತು. ಉತ್ತರ ಕ್ಯಾಪ್ಷನ್ನಿನಲ್ಲೇ ಇದ್ದೂ ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ತಪ್ಪು ಓದುಗರದ್ದಲ್ಲ. ಆ ಮಾತಿಗೆ ಅದರದೇ ಸಾಲು ಬೇಕು.

ಇಷ್ಟೊಂದು ಒತ್ತೊತ್ತಾಗಿ ಬರೆಯುವ ಅಭ್ಯಾಸ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಅದರಲ್ಲಿ ನಮ್ಮ ಮುದ್ರಣದವರ ಪಾಲು ದೊಡ್ಡದು. ಪತ್ರಿಕೆಯ ವರ್ಗೀಕೃತ ಜಾಹೀರಾತಿಗೆ ಸಾಲಿನ ಲೆಕ್ಕದಲ್ಲೋ ಪದದ ಲೆಕ್ಕದಲ್ಲೋ ಹಣ ಕೊಡಬೇಕು. ಖಾಲಿ ಸಾಲು ಅಲ್ಲಿ ನಿಜವಾಗಿಯೂ ದಂಡ. ಹಾಗಾಗಿ ಎಲ್ಲವನ್ನೂ ಒಟ್ಟಿ ತುಂಬುವುದನ್ನು ಕಲಿತೆವು. ಫೋನಿನಲ್ಲಿ ಖಾಲಿ ಸಾಲಿಗೆ ಯಾರೂ ಬಿಲ್ ಕೊಡುವುದಿಲ್ಲ. ಆದರೂ ಆ ಜಿಪುಣತನ ಕೈ ಬಿಟ್ಟಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಕೆಟ್ಟದ್ದು, ನನಗೆ ನಿಜಕ್ಕೂ ಸಿಟ್ಟು ಬರಿಸುವಂಥದ್ದು. ಕೆಲವರು ಬೇಕೆಂದೇ ಒತ್ತಿ ಬರೆಯುತ್ತಾರೆ. ಲಾಭದ ಮಾತಿಗೆಲ್ಲ ಚುಕ್ಕೆ, ಅಂತರ, ದೊಡ್ಡ ಅಕ್ಷರ. ಷರತ್ತು ಬಂದ ಕೂಡಲೇ ಜಾಗವೆಲ್ಲ ಮಾಯವಾಗಿ, ಹತ್ತು ವಾಕ್ಯ ಒಂದೇ ಮುದ್ದೆಯಾಗುತ್ತದೆ. ಜಾಹೀರಾತಿನ ಅಡಿಯಲ್ಲಿ, ಅರ್ಜಿ ಫಾರಂಗಳ ಹಿಂದೆ, ಸಾಲದ ಕಾಗದಗಳಲ್ಲಿ ಇದನ್ನು ದಿನವೂ ನೋಡುತ್ತೇವೆ. ಬರೆದವರಿಗೆ ಜಾಗ ಬಿಡಲು ಬರುತ್ತದೆ, ಮೇಲಿನ ಅರ್ಧವೇ ಅದಕ್ಕೆ ಸಾಕ್ಷಿ. ಕೆಳಗಿನ ಅರ್ಧವನ್ನು ಯಾರೂ ಓದದಿರಲಿ ಎಂದೇ ಹಾಗೆ ಇಟ್ಟಿರುತ್ತಾರೆ. ನಾನೂ ಒಂದು ಚಂದಾ ಯೋಜನೆಗೆ ಸೇರಿ, ರದ್ದು ಮಾಡಲು ಹೋದಾಗ ಅಂಥ ಮುದ್ದೆಯ ಏಳನೇ ಸಾಲನ್ನು ಮೊದಲ ಬಾರಿ ಓದಿದೆ. ಒಂದು ತಿಂಗಳು ಮೊದಲೇ ತಿಳಿಸಬೇಕು ಎಂದು ಅಲ್ಲಿತ್ತು.

ನೀವು ಅಂಥವರಲ್ಲ ಎಂದು ನಿಮ್ಮ ಪತ್ರ ಓದಿದರೆ ತಿಳಿಯುತ್ತದೆ. ಆದರೆ ನಿಮ್ಮನ್ನು ನೋಡದ ಓದುಗರ ಮುಂದೆ ಇರುವುದು ಕ್ಯಾಪ್ಷನ್ ಒಂದೇ. 30% ಎಂದು ನಂಬಿ ಹಳೆಯ ವಿದ್ಯಾರ್ಥಿಯೊಬ್ಬರು ಕೋಡ್ ಹಾಕಿ, ಅದು ನಡೆಯದೆ, ಹಿಂದಿರುಗಿ ಬಂದು 12ನೇ ವಾಕ್ಯದಲ್ಲಿ ಷರತ್ತು ಕಂಡರೆ ಏನಂದುಕೊಂಡಾರು? ಅದಕ್ಕೇ ಅದನ್ನು ಎರಡನೇ ಸಾಲಿಗೆ ತಂದಿದ್ದೇನೆ. ಬೆಳಕಿನ ಬಗೆಗಿನ ಆ ಎರಡು ವಾಕ್ಯ ಬೇಕೇ ಬೇಕು ಅನಿಸಿದರೆ ಮೊದಲ ಖಾಲಿ ಸಾಲಿನ ಕೆಳಗೆ ಸೇರಿಸಿಕೊಳ್ಳಿ, ಅಲ್ಲಿ ಜಾಗವಿದೆ. 'ಮೊದಲ ಬಾರಿ ಸೇರುವವರಿಗೆ ಮಾತ್ರ' ಎಂಬುದನ್ನು ಮಾತ್ರ ಮೇಲಿನಿಂದ ಕದಲಿಸಬೇಡಿ.