ಪಫ್ ಆದ ಮೇಲೆ ನಂಬರ್ ಏರಿದರೆ ಆಸ್ತಮಾನೇ ಅಂತಾನಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಸೋಮವಾರಪೇಟೆ ಹತ್ತಿರ ತೋಟದ ಲೈನ್ ಮನೆಯಲ್ಲಿದ್ದಾರೆ. ಬೀಡಿ ಮುಟ್ಟಿದವರಲ್ಲ. ಸ್ಪೈರೋಮೆಟ್ರಿಯಲ್ಲಿ FEV1 ಪಫ್‌ಗೆ ಮುಂಚೆ 1.20 ಲೀಟರ್, ಆಮೇಲೆ 1.42. FVC 2.30 ಇದ್ದದ್ದು 2.50 ಆಗಿದೆ. ‘ರಿವರ್ಸಿಬಿಲಿಟಿ ಪಾಸಿಟಿವ್’ ಅಂತ ಬರೆದಿದ್ದಾರೆ. ಹಾಗಾದ್ರೆ ಆಸ್ತಮಾ, ಸಿಒಪಿಡಿ ಅಲ್ಲ, ಅಲ್ವಾ?

ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಸಿಒಪಿಡಿ ಅಂದರೆ ಶ್ವಾಸನಾಳ ಕಿರಿದಾಗಿ, ಮತ್ತೆ ಪೂರ್ತಿ ತೆರೆಯದೆ ಉಳಿಯುವ ದೀರ್ಘಕಾಲದ ಕಾಯಿಲೆ. ಮಡಿಕೇರಿಯಲ್ಲಿ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡಿಸುವುದೇ ನನ್ನ ಕೆಲಸ. ‘ಪಾಸಿಟಿವ್’ ಅನ್ನೋ ಒಂದು ಪದ ನೋಡಿ ಜನ ನಿರ್ಧಾರಕ್ಕೆ ಬಂದುಬಿಡುವುದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಎದೆ ತುಂಬ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ FVC. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು FEV1. ಶ್ವಾಸನಾಳ ಕಿರಿದಾಗಿದ್ದರೆ ಗಾಳಿ ನಿಧಾನವಾಗಿ ಬರುತ್ತದೆ, ಮೊದಲ ಸೆಕೆಂಡಿನ ಪಾಲು ಕಡಿಮೆಯಾಗುತ್ತದೆ. ಅಮ್ಮನದು ಪಫ್‌ಗೆ ಮುಂಚೆ 1.20 ಭಾಗಿಸು 2.30, ಅಂದರೆ 0.52.

ಆಮೇಲೆ ಸಾಮಾನ್ಯವಾಗಿ ನಾಳ ಸಡಿಲಿಸುವ ಔಷಧಿ ಸಾಲ್ಬುಟಮಾಲ್ 4 ಪಫ್ ಕೊಟ್ಟು, 15 ನಿಮಿಷ ಕೂರಿಸಿ ಮತ್ತೆ ಊದಿಸುತ್ತೇವೆ. FEV1 ಕನಿಷ್ಠ 200 ಮಿಲಿಲೀಟರ್, ಜೊತೆಗೆ ಮೊದಲಿಗಿಂತ 12% ಏರಿದರೆ ಪಾಸಿಟಿವ್ ಅನ್ನುವುದು ಬಹಳ ಕಾಲದಿಂದ ನಡೆದುಬಂದ ಅಳತೆ. ಅಮ್ಮನದು 220 ಮಿಲಿ ಏರಿದೆ, 18%. ಸರಿ, ಪಾಸಿಟಿವ್. ಆದರೆ ಪಫ್ ನಂತರದ ಪಾಲು ನೋಡಿ: 1.42 ಭಾಗಿಸು 2.50, ಅಂದರೆ 0.57. ಔಷಧಿ ಹೋದ ಮೇಲೂ 0.70 ದಾಟಿಲ್ಲ. ನಾಳ ಸ್ವಲ್ಪ ಸಡಿಲವಾಯಿತು, ಪೂರ್ತಿ ತೆರೆಯಲಿಲ್ಲ. ಸಿಒಪಿಡಿಗೆ ನೋಡುವುದು ಈ ಕೊನೆಯ ನಂಬರನ್ನೇ, 0.70ಕ್ಕಿಂತ ಕಡಿಮೆ ಇದೆಯಾ ಅಂತ. ಸಿಒಪಿಡಿ ಇರುವ ಎಷ್ಟೋ ಜನರಲ್ಲೂ ಹೀಗೆ ಏರಿಕೆ ಕಾಣುತ್ತದೆ.

ಹಾಗಂತ ಸಿಒಪಿಡಿಯೇ ಅಂತಲೂ ಅಲ್ಲ. ವರ್ಷಗಟ್ಟಲೆ ಸರಿಯಾದ ಚಿಕಿತ್ಸೆ ಇಲ್ಲದ ಆಸ್ತಮಾದಲ್ಲೂ ನಾಳ ಪೂರ್ತಿ ತೆರೆಯದೆ ಇರಬಹುದು. ಎರಡೂ ಒಟ್ಟಿಗೇ ಇರುವುದೂ ಉಂಟು. ಅದಕ್ಕೇ ಹಿಂದಿನ ಕಥೆ ಬೇಕು. ಚಿಕ್ಕಂದಿನಿಂದ ಉಬ್ಬಸ, ಮಧ್ಯೆ ತಿಂಗಳುಗಟ್ಟಲೆ ಏನೂ ಇಲ್ಲ, ಬೆಳಗಿನ ಜಾವ ಜಾಸ್ತಿ ಅಂದರೆ ಆಸ್ತಮಾ ಕಡೆಗೆ. ಐವತ್ತರ ಆಸುಪಾಸಿನಲ್ಲಿ ಶುರುವಾಗಿ, ಕಾಫಿ ಕೊಯ್ಲಿಗೆ ಏರು ಹತ್ತುವಾಗ ವರ್ಷದಿಂದ ವರ್ಷಕ್ಕೆ ದಮ್ಮು ಹೆಚ್ಚಾಗುತ್ತಿದ್ದರೆ ಸಿಒಪಿಡಿ ಕಡೆಗೆ. ಬೀಡಿ ಸೇದಿಲ್ಲ ಅನ್ನುವುದು ಇಲ್ಲಿ ದೊಡ್ಡ ಸಮಾಧಾನವಲ್ಲ. ಮಳೆಗಾಲದಲ್ಲಿ ಬಾಗಿಲು ಮುಚ್ಚಿ, ಹಸಿ ಸೌದೆ ಉರಿಸಿ, ಒಲೆ ಮುಂದೆ ಕೂತ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಎಷ್ಟು ವರ್ಷ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ.

ಊದಿದ್ದು ಸರಿಯಾಗಿತ್ತಾ ಅಂತಲೂ ಕೇಳಿ. ಕೆಮ್ಮು ಬಂದು 2 ಸೆಕೆಂಡಿಗೇ ನಿಲ್ಲಿಸಿದ್ದರೆ FVC ಕಡಿಮೆ ಬರುತ್ತದೆ, ಪಾಲು ಸುಳ್ಳೇ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಇನ್‌ಹೇಲರ್ ತೆಗೆದುಕೊಂಡೇ ಬಂದಿದ್ದರೆ ಏರಿಕೆ ಕಡಿಮೆ ಕಾಣುತ್ತದೆ.

ಅನುಮಾನ ಉಳಿದರೆ ಡಾಕ್ಟರು ಕೆಲವು ವಾರ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಕೊಟ್ಟು ಮತ್ತೆ ಊದಿಸುತ್ತಾರೆ. ಆಗ ಪಾಲು ಸಹಜ ಮಟ್ಟಕ್ಕೆ ಬಂದರೆ ಆಸ್ತಮಾ ಅನ್ನಲು ಬಲ ಬರುತ್ತದೆ. ಅಲ್ಲಿಯವರೆಗೆ ಸ್ಟೀರಾಯ್ಡ್ ಇನ್‌ಹೇಲರ್ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಆಸ್ತಮಾ ಇದ್ದವರಿಗೆ ಅದು ತಪ್ಪಿದರೆ ಜೀವಕ್ಕೇ ಅಪಾಯವಾಗಬಹುದು.