ಸಬ್‌ಟೈಟಲ್ ಕೆಲಸದಲ್ಲಿ ಊರಲ್ಲೇ ಇದ್ದು ಬದುಕಬಹುದೇ?

ಪ್ರಶ್ನೆ: ನಾನು ಮಂಡ್ಯದವಳು, ಎಂ.ಎ. ಕನ್ನಡ ಮುಗಿಸಿದ್ದೇನೆ. ಅನುವಾದ, ಸಬ್‌ಟೈಟಲ್, ಡಬ್ಬಿಂಗ್ ಬರವಣಿಗೆ ಮಾಡಿಕೊಂಡು ಊರಿನಲ್ಲೇ ಇದ್ದು ಜೀವನ ಸಾಗಿಸಬಹುದೇ? ಹತ್ತು ವರ್ಷದ ನಂತರವೂ ಇದು ಕೈ ಹಿಡಿಯುತ್ತದೆಯೇ?

ಸಾಗಿಸಬಹುದು. ಮೈಸೂರಿನ ಕುವೆಂಪುನಗರದ ಮನೆಯಲ್ಲೇ ಕುಳಿತು ನಾನು ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆದರೆ ಸಬ್‌ಟೈಟಲ್ ಒಂದನ್ನೇ ನಂಬಿದ್ದ ಮೊದಲ ಮೂರು ವರ್ಷ ಮನೆ ಬಾಡಿಗೆಗೂ ಒದ್ದಾಡಿದೆ. ಅದಕ್ಕೆ ಕಾರಣ ನನ್ನ ಕನ್ನಡವಲ್ಲ, ಲೆಕ್ಕ.

ಸಬ್‌ಟೈಟಲ್‌ಗೆ ಹಣ ಕೊಡುವುದು ಸಾಮಾನ್ಯವಾಗಿ ಕಾರ್ಯಕ್ರಮದ ನಿಮಿಷಕ್ಕೆ ಇಷ್ಟು ಎಂದು. ನಿಮ್ಮ ದುಡಿಮೆ ಮಾತ್ರ ಮಾತಿನ ಸಾಲುಗಳ ಮೇಲೆ ನಿಂತಿರುತ್ತದೆ. ಒಮ್ಮೆ ನಿಮಿಷಕ್ಕೆ 80 ರೂಪಾಯಿಯಂತೆ 48 ನಿಮಿಷದ ಎರಡು ಕೆಲಸ ಒಟ್ಟಿಗೆ ಒಪ್ಪಿಕೊಂಡೆ. ಒಂದು ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ, 260 ಸಾಲು, ಎಂಟು ಗಂಟೆಯಲ್ಲಿ ಮುಗಿಯಿತು. ಇನ್ನೊಂದು ಕೋರ್ಟಿನ ಕಥೆಯ ಕಂತು, ವಕೀಲರು ಉಸಿರು ಬಿಡದೆ ಮಾತನಾಡುತ್ತಾರೆ, 610 ಸಾಲು. ಅದಕ್ಕೆ 21 ಗಂಟೆ ಹಿಡಿಯಿತು. ಎರಡಕ್ಕೂ ಸಿಕ್ಕಿದ್ದು 3,840 ರೂಪಾಯಿ. ಮೊದಲನೆಯದರಲ್ಲಿ ಗಂಟೆಗೆ 480 ಬಿದ್ದರೆ ಎರಡನೆಯದರಲ್ಲಿ 183. ಅಂದಿನಿಂದ ಒಪ್ಪಿಕೊಳ್ಳುವ ಮುನ್ನ ಮೂಲದ ಫೈಲ್ ಕೇಳುತ್ತೇನೆ, ಸಾಲು ಎಣಿಸುತ್ತೇನೆ. ಮಾತು ದಟ್ಟವಾಗಿದ್ದರೆ ಹೆಚ್ಚು ದರ ಕೇಳುತ್ತೇನೆ. ಕೊಡದಿದ್ದರೆ ಬಿಡುತ್ತೇನೆ.

ಸಮಯ ತಿನ್ನುವುದು ಅರ್ಥ ಹುಡುಕುವ ಕೆಲಸವಲ್ಲ, ಮಾತನ್ನು ಕತ್ತರಿಸುವ ಕೆಲಸ. ಒಂದು ದೃಶ್ಯದಲ್ಲಿ ತಾಯಿ ಮಗನನ್ನು ಗದರುತ್ತಾಳೆ, ಎರಡೇ ಸೆಕೆಂಡು. ನಾನು ಮೊದಲು ಬರೆದದ್ದು: ‘ಕತ್ತಲಾದ ಮೇಲೆ ಇಲ್ಲಿಗೆ ಬರಬೇಡ ಎಂದು ನಾನು ನಿನಗೆ ಹೇಳಿರಲಿಲ್ಲವೇ?’ ತಪ್ಪಿಲ್ಲ, ಆದರೆ ತಂತ್ರಾಂಶದ ಎಣಿಕೆಯಲ್ಲಿ 56 ಅಕ್ಷರ. ನೋಡುಗರಿಗೆ ಓದಲು ಸಮಯ ಸಿಗಲೆಂದು ನನಗೆ ಕೊಟ್ಟಿದ್ದ ಮಿತಿ ಸೆಕೆಂಡಿಗೆ 20 ಅಕ್ಷರ, ಅಂದರೆ 40 ದಾಟುವಂತಿಲ್ಲ. ‘ಇಲ್ಲಿಗೆ’ ಬೇಡ, ಅವರು ನಿಂತಿರುವ ಜಾಗ ಕಣ್ಣೆದುರೇ ಇದೆ. ‘ನಾನು’, ‘ನಿನಗೆ’ ಎರಡನ್ನೂ ಕನ್ನಡದ ಕ್ರಿಯಾಪದವೂ ಸಂದರ್ಭವೂ ಹೇಳಿಬಿಡುತ್ತವೆ. ಸಾಲಿನ ಸಂಖ್ಯೆ, ತೆರೆಯ ಮೇಲೆ ಅದು ಬಂದು ಹೋಗುವ ಸಮಯದ ಜೊತೆ ಫೈಲಿನಲ್ಲಿ ಉಳಿದದ್ದು ಇಷ್ಟು:

```
214
00:18:32,400 --> 00:18:34,400
ಕತ್ತಲಾದ ಮೇಲೆ ಬರಬೇಡ ಎಂದಿದ್ದೆನಲ್ಲ!
```

32 ಅಕ್ಷರ, ಗದರಿಕೆಯೂ ಉಳಿಯಿತು. ಅಕ್ಷರ ಎಂದಾಗ ನಮ್ಮ ಕಣ್ಣಿನ ಲೆಕ್ಕವಲ್ಲ ಎಂಬುದನ್ನು ನೆನಪಿಡಿ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ವ್ಯಂಜನ, ಅವನ್ನು ಕೂಡಿಸುವ ಅರ್ಧಾಕ್ಷರದ ಚಿಹ್ನೆ, ಸ್ವರಚಿಹ್ನೆಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವ ತಂತ್ರಾಂಶಕ್ಕೆ ಅದು ಆರು. ಆದ್ದರಿಂದ ಇಂಗ್ಲಿಷಿಗೆ ಮಾಡಿದ ಮಿತಿಯನ್ನೇ ಕನ್ನಡಕ್ಕೂ ಹೇರಿದರೆ ಓದಲು ಸಲೀಸಾಗಿರುವ ಸಾಲೂ ಮಿತಿ ಮೀರಿದೆಯೆಂದು ತಂತ್ರಾಂಶದಲ್ಲಿ ಕೆಂಪಾಗಿ ಕಾಣುತ್ತದೆ. ಕೆಲಸ ಕೊಡುವವರಿಗೆ ಇದನ್ನು ಉದಾಹರಣೆ ಸಹಿತ ಬರೆದು ತಿಳಿಸಿ. ನಾನು ಹಾಗೆ ಬರೆದ ಮೇಲೆ ಒಬ್ಬರು ಮಿತಿಯನ್ನೇ ಸಡಿಲಿಸಿದರು. ಸಾಲುಗಳ ನಡುವಿನ ಅಂತರವನ್ನೂ ನೋಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಅಕ್ಷರಕ್ಕೆ ತಾಗಿದರೆ ಎರಡೂ ಓದಲಾಗುವುದಿಲ್ಲ.

ನನ್ನನ್ನು ದಡ ಹತ್ತಿಸಿದ್ದು ಡಬ್ಬಿಂಗ್ ಬರವಣಿಗೆ. ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ಚಿತ್ರರಂಗದ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಆಮೇಲೆ ಬಾಗಿಲು ತೆರೆಯುತ್ತಾ ಬಂತು. ಇಲ್ಲಿ ಅಳತೆಗೋಲು ಓದುವ ವೇಗವಲ್ಲ, ತುಟಿ. ಮುಖ ಹತ್ತಿರದಲ್ಲಿದ್ದು ಪಾತ್ರ ತುಟಿ ಮುಚ್ಚಿದಾಗ ಪ, ಬ, ಮ ಬರಬೇಕು. ಮಾತು ಮುಗಿಯುವಾಗ ಬಾಯಿ ತೆರೆದಿದ್ದರೆ ಆ, ಏ ಸ್ವರದಲ್ಲಿ ಮುಗಿಯಬೇಕು. ಬೆನ್ನು ತೋರಿಸಿದ ದೃಶ್ಯದಲ್ಲಿ ಈ ಕಟ್ಟು ಇಲ್ಲ. ಹಾಗಾಗಿ ಉಳಿದುಹೋದ ವಿಷಯವನ್ನು ಅಲ್ಲಿ ಸೇರಿಸುತ್ತೇನೆ. ಬರೆದದ್ದನ್ನು ಚಿತ್ರದ ಜೊತೆ ಜೋರಾಗಿ ಹೇಳಿ ನೋಡದೆ ಕಳುಹಿಸುವುದಿಲ್ಲ. ನೀವು ಮಂಡ್ಯದವರು. ಹಳ್ಳಿಯ ಪಾತ್ರಕ್ಕೆ ಮಂಡ್ಯದ ಮಾತು ಬೇಕೆಂದಾಗ ಹೊರಗಿನವರು ಊಹಿಸಿ ಬರೆಯುವುದನ್ನು ನೀವು ಕಿವಿಯಿಂದಲೇ ಬರೆಯಬಲ್ಲಿರಿ. ಧ್ವನಿಮುದ್ರಣಕ್ಕೆ ಬೆಂಗಳೂರಿಗೆ ಹೋಗಬೇಕಾಗುತ್ತದೆ, ಆದರೆ ಬರವಣಿಗೆ ಮನೆಯಲ್ಲೇ ಆಗುತ್ತದೆ.

ಹಣದ ವಿಷಯದಲ್ಲಿ ಒಂದು ಎಚ್ಚರ. ಕೆಲಸ ಮೂರು ಕೈ ದಾಟಿ ನಮಗೆ ಬರುತ್ತದೆ, ದುಡ್ಡೂ ಅದೇ ದಾರಿಯಲ್ಲಿ ಬರುತ್ತದೆ. ಒಬ್ಬ ಮಧ್ಯವರ್ತಿ ಸಂಸ್ಥೆಯಿಂದ ನನ್ನ ಬಿಲ್ ಬರಲು 110 ದಿನ ಹಿಡಿಯಿತು. ಕರಾರಿನಲ್ಲಿ ಪಾವತಿಯ ದಿನವೇ ಇರಲಿಲ್ಲವಾದ್ದರಿಂದ ಕೇಳಲು ನನ್ನ ಬಳಿ ಏನೂ ಇರಲಿಲ್ಲ. ಈಗ ದಿನಾಂಕ, ಎಷ್ಟು ಬಾರಿ ತಿದ್ದಿಕೊಡಬೇಕು ಎಂಬ ಎರಡೂ ಬರವಣಿಗೆಯಲ್ಲಿ ಇಲ್ಲದೆ ಶುರು ಮಾಡುವುದಿಲ್ಲ. ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಪೂರ್ಣಾವಧಿಗೆ ಇಳಿಯಿರಿ.

ಈಗ ನನ್ನ ಆದಾಯದಲ್ಲಿ ಸಬ್‌ಟೈಟಲ್ ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಡಬ್ಬಿಂಗ್ ಮತ್ತು ಆರೋಗ್ಯ, ಕೃಷಿ ಕೈಪಿಡಿಗಳ ಅನುವಾದ. ಇಂಥ ಗದ್ಯಕ್ಕೆ ಪರಿಭಾಷೆ ಬೇಕಾಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ಉನ್ನತ ಶಿಕ್ಷಣದ ಪಠ್ಯಪುಸ್ತಕಗಳಂಥ ಜ್ಞಾನಪಠ್ಯಗಳ ಅನುವಾದಕ್ಕೆಂದೇ ಇದೆ. ಅವರ ಕಾರ್ಯಾಗಾರಗಳ ಪ್ರಕಟಣೆ ಗಮನಿಸುತ್ತಿರಿ.

ನಿರ್ಧರಿಸುವ ಮೊದಲು Subtitle Edit ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಮಾತು ಹೆಚ್ಚಿರುವ ಐದು ನಿಮಿಷದ ವಿಡಿಯೊ ಒಂದಕ್ಕೆ ಕನ್ನಡ ಸಬ್‌ಟೈಟಲ್ ಮಾಡಿ, ಗಡಿಯಾರ ನೋಡಿ. ಮೊದಲ ಸಲ ನಾಲ್ಕು ಗಂಟೆ ಹಿಡಿದರೂ ಚಿಂತೆಯಿಲ್ಲ. ಹತ್ತನೆಯ ವಿಡಿಯೊ ಹೊತ್ತಿಗೆ ಅದು ಒಂದೂವರೆ ಗಂಟೆಗೆ ಇಳಿದಿದ್ದರೆ ನನಗೆ ಬರೆಯಿರಿ, ನಿಮ್ಮ ಫೈಲನ್ನು ಸಾಲು ಸಾಲಾಗಿ ನೋಡಿ ತಿದ್ದಿ ಕಳುಹಿಸುತ್ತೇನೆ.